ಒಥೆಲೊದಲ್ಲಿ ಮೂಲೆ ಮತ್ತು ಅಂಚು: ಆರಂಭದಲ್ಲಿ ಕಡಿಮೆ ಬಿಲ್ಲೆಗಳಿರುವುದರ ಲಾಭ

ಒಥೆಲೊ ಆಟದಲ್ಲಿ 64 ಮನೆಗಳಿವೆ. ಕೊನೆಯಲ್ಲಿ ಯಾರ ಬಿಲ್ಲೆ ಹೆಚ್ಚೋ ಅವರದು ಗೆಲುವು. ಆದರೂ ನುರಿತ ಆಟಗಾರರು ಮೊದಲರ್ಧದಲ್ಲಿ ಬಿಲ್ಲೆಗಳನ್ನು ಕೂಡಿಸುವುದಿಲ್ಲ. ಈ ವಿರೋಧಾಭಾಸದ ಮೂಲ ಆಟದ ನಿಯಮದಲ್ಲೇ ಇದೆ, ಮೂಲೆಯ ನಿಜವಾದ ಬೆಲೆ ತಿಳಿಯುವುದೂ ಅದರಿಂದಲೇ ಎಂಬುದು ಈ ಲೇಖನದ ವಾದ.

ಎದುರಾಳಿಯ ಬಿಲ್ಲೆಯನ್ನು ಎರಡು ಬದಿಯಿಂದ ಹಿಡಿದು ಮಗುಚದೆ ನಡೆ ಇಡುವಂತಿಲ್ಲ. ಹಾಗಾಗಿ ಹೊರಸಾಲಿನಲ್ಲಿರುವ ನಮ್ಮ ಬಿಲ್ಲೆಗಳು ಎದುರಾಳಿಗೆ ನಡೆಗಳನ್ನು ಒದಗಿಸುತ್ತವೆ. ಕಪ್ಪು ಡಿ3ರಿಂದ ಆರಂಭಿಸಿದರೆ ಲೆಕ್ಕ ನಾಲ್ಕಕ್ಕೆ ಒಂದು. ಆ ಒಂದೇ ಬಿಲ್ಲೆಯನ್ನು (ಇ5) ಆಧರಿಸಿ ಬಿಳಿಗೆ ಸಿ3, ಸಿ5, ಇ3 ಎಂಬ ಮೂರು ನಡೆಗಳು ಸಿಗುತ್ತವೆ. ಮುಂದೆ ಬಿಲ್ಲೆ ಹೆಚ್ಚಿಸಿಕೊಂಡವನಿಗೆ ಸುರಕ್ಷಿತ ನಡೆಗಳು ಮುಗಿಯುತ್ತವೆ; ಆಗ ಅವನು ಮೂಲೆಗೆ ಕರ್ಣದಲ್ಲಿ ತಾಗಿದ ಬಿ2ನಂಥ ಮನೆಗೆ ಇಳಿದು, ಮೂಲೆಯನ್ನು ಬಿಟ್ಟುಕೊಡಬೇಕಾಗುತ್ತದೆ. 1982ರಲ್ಲಿ ಪಾಲ್ ರೋಸೆನ್‌ಬ್ಲೂಮ್ ವಿವರಿಸಿದ ಇಯಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೂಡ ಅಂಚಿನ ಸ್ಥಿರತೆಯ ಜೊತೆಗೆ ಲಭ್ಯವಿರುವ ನಡೆಗಳನ್ನೂ ತೂಗುತ್ತಿತ್ತು.

ಆದರೆ ಮೂಲೆ ಸಿಕ್ಕ ಮಾತ್ರಕ್ಕೆ ಲಾಭವಾಗುವುದಿಲ್ಲ. ಮೊದಲ ಸಾಲಿನಲ್ಲಿ ಸಿ1ರಿಂದ ಜಿ1ವರೆಗೆ ಬಿಳಿಯ ಐದು ಬಿಲ್ಲೆಗಳಿವೆ; ಎ1, ಬಿ1, ಎಚ್1 ಖಾಲಿ ಎಂದುಕೊಳ್ಳೋಣ. ಬಿ3 ಕಪ್ಪು, ಸಿ3 ಬಿಳಿ. ಈಗ ಕಪ್ಪು ಬೇಕೆಂದೇ ಬಿ2ನಲ್ಲಿ ಆಡುತ್ತದೆ. ಬಿಳಿ ಎ1 ಹಿಡಿದು ಬಿ2 ಮಗುಚುತ್ತದೆ. ಕಪ್ಪು ಕೂಡಲೇ ಬಿ1ಕ್ಕೆ ನುಗ್ಗಿ, ಬಿ3ರ ಆಸರೆಯಿಂದ ಬಿ2ನ್ನು ಮರಳಿ ಪಡೆಯುತ್ತದೆ. ಬಿ1ರ ಎರಡೂ ಬದಿಯಲ್ಲಿ ಬಿಳಿ ಬಿಲ್ಲೆಗಳು ಮೊದಲೇ ಕೂತಿರುವುದರಿಂದ ಈ ಬೆಣೆಯನ್ನು ಬಿಳಿ ಮಗುಚಲಾಗದು. ಮುಂದೆ ಕಪ್ಪು ಎಚ್1 ಹಿಡಿದರೆ ನಡುವಿನ ಐದೂ ಬಿಲ್ಲೆಗಳು ಕಪ್ಪಾಗುತ್ತವೆ. ಸಾಲು ತುಂಬಿದ ಮೇಲೆ ಅವು ಮತ್ತೆ ಬದಲಾಗುವುದಿಲ್ಲ. ಆ ಅಂಚಿನಲ್ಲಿ ಬಿಳಿಗೆ ಉಳಿಯುವುದು ಒಂದು, ಕಪ್ಪಿಗೆ ಏಳು.

ಈ ತ್ಯಾಗಕ್ಕೆ ಎರಡು ಷರತ್ತುಗಳಿವೆ. ಬಿ1ರ ನಡೆ ನಿಯಮಬದ್ಧವಾಗಿರಬೇಕು, ಅಂದರೆ ಮಗುಚಲು ಒಂದು ಬಿಳಿ ಬಿಲ್ಲೆಯಾದರೂ ಸಿಗಬೇಕು. ಜೊತೆಗೆ, ಬಿ1 ಆದ ಕೂಡಲೇ ಬಿಳಿಗೆ ಎಚ್1 ಆಡಲು ದಾರಿ ಇರಬಾರದು. ಜಿ2 ಅಥವಾ ಎಚ್2ರಲ್ಲಿ ಕಪ್ಪು ಬಿಲ್ಲೆಯಿದ್ದು, ಅದೇ ಗೆರೆಯಲ್ಲಿ ಆಚೆಗೆ ಬಿಳಿ ಇದ್ದರೆ ಆ ದಾರಿ ತೆರೆದಿರುತ್ತದೆ; ಆಗ ಎರಡೂ ಮೂಲೆ ಬಿಳಿಯ ಪಾಲಾಗುತ್ತವೆ.

ಕಡಿಮೆ ಬಿಲ್ಲೆಯ ನೀತಿಗೂ ಮಿತಿಯಿದೆ. ಒಂದೂ ಉಳಿಯದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಕೊನೆಯ ಕೆಲವು ನಡೆಗಳಲ್ಲಿ ಮಗುಚಿದ ಬಿಲ್ಲೆಗಳನ್ನು ಮರಳಿ ಪಡೆಯಲು ಎದುರಾಳಿಗೆ ಅವಕಾಶ ಕಡಿಮೆ. ಆದ್ದರಿಂದ ಸಂಖ್ಯೆಯ ಲೆಕ್ಕ ಅಲ್ಲಿ ಶುರುವಾಗಬೇಕು. ಅಲ್ಲಿಯವರೆಗೆ ಎಣಿಸಬೇಕಾದದ್ದು ಎರಡೂ ಕಡೆಗೆ ಉಳಿದಿರುವ ಸುರಕ್ಷಿತ ನಡೆಗಳನ್ನು. ಮೂಲೆಯ ಬೆಲೆ ಕಟ್ಟಬೇಕಾದದ್ದು ಅದರ ಅಂಚಿನ ಖಾಲಿ ಮನೆಗಳನ್ನು ನೋಡಿ.