ಸೆಸಮಾಯ್ಡ್ ಉರಿಯೂತ

ಸೆಸಮಾಯ್ಡ್ ಉರಿಯೂತವು ಕಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಉಬ್ಬಿದ ಭಾಗದ ಕೆಳಗೆ ಕಾಣಿಸಿಕೊಳ್ಳುವ ನೋವು. ಜಿಗಿತ, ಓಟ ಮತ್ತು ನೃತ್ಯಗಳಲ್ಲಿ ತೊಡಗಿರುವವರಲ್ಲಿ ಇದು ಹೆಚ್ಚು.

== ರಚನೆ ==
ಹೆಬ್ಬೆರಳನ್ನು ಕೆಳಕ್ಕೆ ಮಡಿಸುವ ಸ್ನಾಯುರಜ್ಜುವಿನೊಳಗೆ ಬಟಾಣಿಯಷ್ಟು ದೊಡ್ಡದಾದ ಎರಡು ಮೂಳೆಗಳು ಹುದುಗಿವೆ. ಎಳ್ಳಿನ ಕಾಳನ್ನು ಹೋಲುತ್ತವೆಂಬ ಕಾರಣದಿಂದ ಇವಕ್ಕೆ ಸೆಸಮಾಯ್ಡ್ ಎಂಬ ಹೆಸರು ಬಂದಿದೆ. ಹೋಲಿಕೆ ಆಕಾರದಲ್ಲಿಯೇ ಹೊರತು ಗಾತ್ರದಲ್ಲಿ ಅಲ್ಲ. ಮಂಡಿಚಿಪ್ಪು ಇದೇ ಜಾತಿಯ ದೊಡ್ಡ ಮೂಳೆ. ರಾಟೆಯು ಹಗ್ಗಕ್ಕೆ ಒದಗಿಸುವ ಅನುಕೂಲವನ್ನು ಇವು ಸ್ನಾಯುರಜ್ಜುವಿಗೆ ಒದಗಿಸುತ್ತವೆ, ದೇಹದ ಭಾರವನ್ನೂ ಹೊರುತ್ತವೆ. ಹಿಮ್ಮಡಿಯೆತ್ತಿ ಬೆರಳುಗಳ ಮೇಲೆ ನಿಂತಾಗ ಆ ಭಾರವು ಬಹುಪಾಲು ಇವುಗಳ ಮೇಲೆಯೇ ಬೀಳುತ್ತದೆ. ಪಾದದ ಒಳಬದಿಯ ಮೂಳೆಗೆ ತೊಂದರೆ ಹೆಚ್ಚು.

== ಲಕ್ಷಣಗಳು ==
ನೋವು ಸಾಮಾನ್ಯವಾಗಿ ನಿಧಾನವಾಗಿ ಆರಂಭವಾಗುತ್ತದೆ. ಭರತನಾಟ್ಯದ ವಿದ್ಯಾರ್ಥಿನಿಯೊಬ್ಬಳ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ರಂಗಪ್ರವೇಶ ಸಮೀಪಿಸಿದಂತೆ ಅಭ್ಯಾಸದ ಅವಧಿ ಇಮ್ಮಡಿಯಾಗುತ್ತದೆ. ಜಿಗಿದು ಮುಂಗಾಲಿನ ಮೇಲಿಳಿದು ಹಿಮ್ಮಡಿಯನ್ನು ನೆಲಕ್ಕೆ ತಟ್ಟುವ ಕುದಿತ್ತಮೆಟ್ಟು ಅಡವನ್ನು ಆಕೆ ಬರಿಗಾಲಿನಲ್ಲಿ, ಕಲ್ಲುಹಾಸಿನ ಮೇಲೆ ನೂರಾರು ಬಾರಿ ಮಾಡುತ್ತಾಳೆ. ಮೊದಲು ಅಭ್ಯಾಸದ ಬಳಿಕ ಮಾತ್ರ ಇದ್ದ ನೋವು ಕ್ರಮೇಣ ನಡೆಯುವಾಗಲೂ ಕಾಣಿಸುತ್ತದೆ. ಬೆರಳಿನಿಂದ ಆ ಜಾಗವನ್ನು ಒತ್ತಿದರೆ, ಇಲ್ಲವೇ ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿದರೆ ನೋವು ಹೆಚ್ಚುತ್ತದೆ.

ಒಂದೇ ಜಿಗಿತದಲ್ಲಿ ತೀವ್ರ ನೋವು ಹುಟ್ಟಿ ಊತ ಬಂದರೆ ಮೂಳೆ ಮುರಿದಿರುವ ಸಂಭವವಿದೆ. ರಾತ್ರೋರಾತ್ರಿ ಕೀಲು ಕೆಂಪಾಗಿ, ಹೊದಿಕೆ ತಾಗಿದರೂ ಸಹಿಸಲಾಗದಂತಾದರೆ ಗೌಟ್ ಇರಬಹುದು.

== ರೋಗನಿರ್ಣಯ ==
ಎಕ್ಸ್‌ರೇ ಇಲ್ಲಿ ದಾರಿ ತಪ್ಪಿಸಬಲ್ಲದು. ಕೆಲವರಲ್ಲಿ ಒಳಬದಿಯ ಮೂಳೆ ಹುಟ್ಟಿನಿಂದಲೇ ಎರಡು ತುಂಡಾಗಿರುತ್ತದೆ, ಅದು ರೋಗವಲ್ಲ. ಹಾಗಿರುವ ತುಂಡುಗಳ ಅಂಚು ನಯವಾಗಿದ್ದು, ಹೊಸದಾಗಿ ಮುರಿದ ಅಂಚು ಒರಟಾಗಿರುತ್ತದೆ. ಸಂದೇಹ ಉಳಿದರೆ ಎಂಆರ್‌ಐ ಮಾಡಿಸುತ್ತಾರೆ.

== ಚಿಕಿತ್ಸೆ ==
ಜಿಗಿತವನ್ನೂ ಮುಂಗಾಲಿನ ಮೇಲೆ ನಿಲ್ಲುವುದನ್ನೂ ನಿಲ್ಲಿಸುವುದೇ ಮುಖ್ಯ ಚಿಕಿತ್ಸೆ. ನೃತ್ಯಾಭ್ಯಾಸವನ್ನು ಪೂರ್ಣವಾಗಿ ಬಿಡಬೇಕಾಗಿಲ್ಲ. ಹಸ್ತ, ಅಭಿನಯಗಳನ್ನು ಕುಳಿತು ಮುಂದುವರಿಸಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಬಹುದು. ಹೊರಗೆ ಓಡಾಡುವಾಗ ಸುಲಭವಾಗಿ ಬಾಗದ ಅಟ್ಟೆಯ ಪಾದರಕ್ಷೆ ಒಳ್ಳೆಯದು. ಎತ್ತರದ ಹಿಮ್ಮಡಿಯದು ಸಲ್ಲದು.

ದಪ್ಪ ಫೆಲ್ಟ್ ಬಟ್ಟೆಯ ಮೆತ್ತೆಯೂ ಸಹಾಯಕ. ಆದರೆ ಅನೇಕರು ಅದನ್ನು ನೋಯುವ ಜಾಗದ ಕೆಳಗೇ ಇಟ್ಟು ಒತ್ತಡವನ್ನು ಹೆಚ್ಚಿಸಿಕೊಳ್ಳುತ್ತಾರೆ. ಮೆತ್ತೆ ನೋವಿನ ಜಾಗದ ಹಿಂದೆ ಇದ್ದು, ಮೂಳೆಗಳಿರುವಲ್ಲಿ ಕುದುರೆಲಾಳದಂತೆ ಖಾಲಿ ಬಿಟ್ಟಿರಬೇಕು. ಬರಿಗಾಲಿನ ನರ್ತಕರು ಅದನ್ನು ಪಾದಕ್ಕೇ ಅಂಟಿಸಿಕೊಳ್ಳಬೇಕಾಗುತ್ತದೆ.

ಗುಣವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನೋವಿಲ್ಲದೆ ನಡೆಯಲು ಸಾಧ್ಯವಾದ ಮೇಲೆ ಎರಡೂ ಕಾಲುಗಳ ಮುಂಗಾಲಿನ ಮೇಲೆ, ಅನಂತರ ಒಂದೇ ಕಾಲಿನ ಮೇಲೆ ನಿಂತು ನೋಡಿ, ಕೊನೆಗೆ ಜಿಗಿತವನ್ನು ಆರಂಭಿಸುವುದು ಕ್ರಮ. ನೋವು ಮರಳಿದರೆ ಹಿಂದಿನ ಹಂತಕ್ಕೆ ಹೋಗಬೇಕು. ನೋವುನಿವಾರಕ ಮಾತ್ರೆ ನುಂಗಿ ಕುಣಿಯುವುದು ಅಪಾಯಕರ, ಏಕೆಂದರೆ ಎಚ್ಚರಿಕೆ ಮರೆಯಾದರೂ ಒತ್ತಡ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯಿಂದ ಮೂಳೆಯನ್ನು ತೆಗೆಯುವುದು ಕೊನೆಯ ಮಾರ್ಗ. ಒಳಬದಿಯ ಮೂಳೆ ತೆಗೆದರೆ ಹೆಬ್ಬೆರಳು ಕ್ರಮೇಣ ಪಕ್ಕದ ಬೆರಳುಗಳತ್ತ ವಾಲುವ ಸಾಧ್ಯತೆಯಿದೆ.