ಕುಲ್ಲಾಯಿ ಯಾರ ಗುರುತು?

ವಿಜಯನಗರ ಕಾಲದ ಶಿಲ್ಪಗಳಲ್ಲಿ ಶಂಕುವಿನಾಕಾರದ ನೀಳ ಟೊಪ್ಪಿಗೆ ಧರಿಸಿದ ಪುರುಷನನ್ನು ಕಂಡೊಡನೆ, ಇವನು ಮುಸಲ್ಮಾನ ಸರದಾರನೇ ಸರಿ ಎಂದು ನಿರ್ಣಯಿಸಿಬಿಡುವವರುಂಟು. ಆ ಟೊಪ್ಪಿಗೆಯೇ ಕುಲ್ಲಾಯಿ. ಹೆಸರು ಪಾರಸಿಯ ‘ಕುಲಾಹ್’ದಿಂದ ಬಂದುದು, ಅದರೊಡನೆ ತೊಡುತ್ತಿದ್ದ ನಿಲುವಂಗಿಯಾದ ಕಬಾಯಿಯ ಹೆಸರು ಅರಬ್ಬಿಯದು. ಆದರೆ ಶಬ್ದದ ತವರು ಉಟ್ಟವನ ಮತವನ್ನು ಹೇಳದು.

ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯನ್ನೇ ನೋಡಿರಿ. ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ದೊರೆ ಧೋತರವುಟ್ಟಿದ್ದಾನೆ, ಮೈಮೇಲೆ ಅಂಗಿಯಿಲ್ಲ. ತಲೆಯ ಮೇಲೆ ಮಾತ್ರ ಕುಲ್ಲಾಯಿ! ಹೆಸರು ಕೆತ್ತಿರದಿದ್ದರೆ, ಬರಿಯ ಟೊಪ್ಪಿಗೆಯನ್ನು ನಂಬಿದವನು ಈ ವೈಷ್ಣವ ಭಕ್ತನನ್ನು ಏನೆಂದು ಕರೆಯುತ್ತಿದ್ದನೋ! 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯೆಸನು ರಾಯನ ಜರತಾರಿ ಟೊಪ್ಪಿಗೆಯನ್ನು ಗಲೀಸಿಯದ ಶಿರಸ್ತ್ರಾಣಕ್ಕೆ ಹೋಲಿಸಿದನು. ದೊರೆ ಬರಿಗಾಲಿನಲ್ಲಿದ್ದನೆಂದೂ ಬರೆದನು. ಅವನು ವರ್ಣಿಸುವ ಮಹಾನವಮಿಯ ಅಟ್ಟಣೆಗಳಿಗೆ ಕೆಂಪು, ಹಸುರು ಮಖಮಲ್ಲನ್ನು ಹೊದಿಸಿದ್ದರು. ಮಖಮಲ್ಲನ್ನು ಕಂಡು ದೇವಿಯ ಹಬ್ಬವನ್ನು ಪರದೇಶದ್ದೆನ್ನಲಾದೀತೆ?

ಕುಲ್ಲಾಯಿ ಕಬಾಯಿಗಳು ಆಸ್ಥಾನದ ಉಡುಪು. ಸುಲ್ತಾನರ ಸಭೆಯಲ್ಲಿಯೂ ರಾಯರ ಸಭೆಯಲ್ಲಿಯೂ ಮನ್ನಣೆಯ ಲಕ್ಷಣ. ಲೇಪಾಕ್ಷಿಯ ಮೇಲ್ಛಾವಣಿಯ ಚಿತ್ರಗಳಲ್ಲಿ ಶಿವನಿಗೆ ನಮಿಸುವ ಅಧಿಕಾರಿಗಳೂ ಇಂತಹ ನೀಳ ಟೊಪ್ಪಿಗೆಯವರೇ.

ಹಾಗೆಂದು ಪರದೇಶಿಯರು ಶಿಲ್ಪದಲ್ಲಿಲ್ಲವೆಂದಲ್ಲ. ಹಜಾರರಾಮ ದೇವಾಲಯದ ಪ್ರಾಕಾರದಲ್ಲಿ ಕುದುರೆ ನಡೆಸುವವರ ಸಾಲಿದೆ. ಅಲ್ಲಿ ಟೊಪ್ಪಿಗೆಯೊಂದನ್ನೇ ನೋಡದೆ ಗಡ್ಡ, ಮಾಡುವ ಕೆಲಸ, ಪಕ್ಕದಲ್ಲಿರುವವರ ಉಡುಪು ಇವನ್ನೆಲ್ಲ ಕೂಡಿಸಿ ನೋಡಬೇಕಾಗುತ್ತದೆ.