ಕಟ್ಟಡ ಎಷ್ಟು, ಕಂತು ಎಷ್ಟು: ನಿರ್ಮಾಣ ಹಂತದ ಗೃಹಸಾಲದಲ್ಲಿ ಎರಡು ಅಳತೆಗಳ ನಡುವಿನ ಅಂತರ

ಬೆಂಗಳೂರಿನ ಹೊರವಲಯದಲ್ಲಿ 14 ಅಂತಸ್ತಿನ ಕಟ್ಟಡವೊಂದರಲ್ಲಿ ಒಂದು ಫ್ಲ್ಯಾಟು. ಬೆಲೆ 80 ಲಕ್ಷ ರೂಪಾಯಿ. ಕೊಳ್ಳುವವರ ಸ್ವಂತ ಹಣ 20 ಲಕ್ಷ, ಬ್ಯಾಂಕು ಮಂಜೂರು ಮಾಡಿದ ಸಾಲ 60 ಲಕ್ಷ. ತಾರಸಿಯ ಸ್ಲ್ಯಾಬ್ ಬಿದ್ದ ವಾರ ಬಿಲ್ಡರ್ ಕಡೆಯಿಂದ ಡಿಮ್ಯಾಂಡ್ ಲೆಟರ್ ಬರುತ್ತದೆ: ಈವರೆಗಿನ ಬಾಕಿ ಸೇರಿ ಒಟ್ಟು ಶೇ. 85, ಅಂದರೆ 68 ಲಕ್ಷ, 15 ದಿನದೊಳಗೆ ಸಂದಾಯವಾಗಬೇಕು. ಬ್ಯಾಂಕಿನ ಎಂಜಿನಿಯರ್ ಸ್ಥಳಕ್ಕೆ ಹೋಗಿ ನೋಡಿ ಬರೆದ ವರದಿಯಲ್ಲಿ ಮಾತ್ರ ಬೇರೆಯೇ ಅಂಕಿ ಇದೆ: ಆದ ಕೆಲಸ ಶೇ. 55, ಬಿಡುಗಡೆಗೆ ಶಿಫಾರಸು ಶೇ. 65. ಆ ಲೆಕ್ಕಕ್ಕೆ ಈ ಹಂತದವರೆಗೆ ಸಲ್ಲಬೇಕಾದದ್ದು 52 ಲಕ್ಷ. ಅದರಲ್ಲಿ 20 ಲಕ್ಷ ಆಗಲೇ ಕೊಳ್ಳುವವರ ಕೈಯಿಂದ ಹೋಗಿದೆ. ಉಳಿದ 32 ಲಕ್ಷವನ್ನಷ್ಟೇ ಬ್ಯಾಂಕು ಬಿಡುಗಡೆ ಮಾಡುತ್ತದೆ. ನಡುವೆ 16 ಲಕ್ಷ ರೂಪಾಯಿ ಯಾರ ಲೆಕ್ಕಕ್ಕೂ ಸೇರದೆ ನಿಲ್ಲುತ್ತದೆ.

ಈ ಅಂಕಿಗಳನ್ನು ವಿವರಣೆಗೆಂದು ನಾನೇ ಕಟ್ಟಿಕೊಂಡಿದ್ದೇನೆ. ಆದರೆ ನಿರ್ಮಾಣ ಹಂತದ ಮನೆಗೆ ಸಾಲ ಮಾಡಿದವರಿಗೆ ಇಂಥ ಅಂತರ ಹೊಸದಲ್ಲ. ಬಿಡುಗಡೆಯಾದ ಮೊತ್ತಕ್ಕೆ ಮಾತ್ರ ಬಡ್ಡಿ ಎಂಬ ನಿಯಮ ಸಾಲಗಾರನಿಗೆ ಅನುಕೂಲ ಎಂದೇ ಎಲ್ಲರೂ ಹೇಳುತ್ತಾರೆ. ಅದು ಯಾವಾಗ ಅನುಕೂಲ, ಯಾವಾಗ ಅಲ್ಲ ಎಂಬುದು ಈ 16 ಲಕ್ಷಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯ ಮೇಲೆ ನಿಂತಿದೆ. ಈ ಲೇಖನದ ವಿಷಯವೂ ಅದೇ.

ಎರಡು ಅಂಕಿಗಳು ಬೇರೆಯಾಗಲು ಯಾರೋ ಸುಳ್ಳು ಹೇಳಿರಬೇಕೆಂದಿಲ್ಲ. ಬ್ಯಾಂಕಿನ ಎಂಜಿನಿಯರ್ ಅಳೆಯುವುದು ಪ್ರಮಾಣವನ್ನು. ಅಡಿಪಾಯ, ಕಂಬ, ಸ್ಲ್ಯಾಬ್, ಗೋಡೆ, ಗಾರೆ, ನೆಲಹಾಸು, ಬಾಗಿಲು ಕಿಟಕಿ, ನೀರು ಮತ್ತು ವಿದ್ಯುತ್ ಕೆಲಸ, ಲಿಫ್ಟು ಹೀಗೆ ಒಂದೊಂದಕ್ಕೂ ಒಂದು ತೂಕ ಕೊಟ್ಟು ಒಟ್ಟು ಕೆಲಸದಲ್ಲಿ ಎಷ್ಟು ಪಾಲು ಮುಗಿದಿದೆ ಎಂದು ಕೂಡುತ್ತಾನೆ. ಬೂದು ಬಣ್ಣದ ಅಸ್ಥಿಪಂಜರ ಆಕಾಶದೆತ್ತರಕ್ಕೆ ನಿಂತಿದ್ದರೂ ಒಳಗೆ ಗೋಡೆ ಎದ್ದಿಲ್ಲದಿದ್ದರೆ ಅವನ ಲೆಕ್ಕ ಮೇಲಕ್ಕೇರುವುದಿಲ್ಲ. ಬಿಲ್ಡರ್‌ನ ಕಂತಿನ ಪಟ್ಟಿ ಅಳೆಯುವುದು ಘಟನೆಯನ್ನು. ಇಂಥ ಮಹಡಿಯ ಸ್ಲ್ಯಾಬ್ ಬಿತ್ತು, ಆದ್ದರಿಂದ ಇಷ್ಟು ಕಂತು ಎಂಬುದು ಅದರ ಭಾಷೆ. ನಮ್ಮ ಉದಾಹರಣೆಯ ಪಟ್ಟಿ ಹೀಗಿದೆ ಎಂದಿಟ್ಟುಕೊಳ್ಳಿ: ಬುಕಿಂಗ್ ಮತ್ತು ಒಪ್ಪಂದಕ್ಕೆ ಶೇ. 20, ಅಡಿಪಾಯಕ್ಕೆ 15, ನೆಲಮಾಳಿಗೆಯ ಮೇಲ್ಛಾವಣಿಗೆ 10, ಆಮೇಲೆ ಮೂರು, ಏಳು, ಹನ್ನೊಂದನೆಯ ಮಹಡಿ ಮತ್ತು ತಾರಸಿಯ ಸ್ಲ್ಯಾಬ್‌ಗಳಿಗೆ ತಲಾ 10, ಗಾರೆ ಮತ್ತು ಟೈಲ್ಸ್‌ಗೆ 10, ಸ್ವಾಧೀನದ ದಿನ 5. ಕಾಂಕ್ರೀಟಿನ ಕೆಲಸ ಮುಗಿಯುವ ಹೊತ್ತಿಗೆ ನೂರಕ್ಕೆ 85 ಸಂದಾಯವಾಗಿರುತ್ತದೆ. ಮನೆಯನ್ನು ಮನೆಯಾಗಿಸುವ ಕೆಲಸಕ್ಕೆಲ್ಲ ಉಳಿಯುವುದು 15.

ಪಟ್ಟಿಯ ಭಾಷೆಯನ್ನು ಹತ್ತಿರದಿಂದ ನೋಡಬೇಕು. ಏಳನೆಯ ಮಹಡಿಯ ಸ್ಲ್ಯಾಬ್ ‘ಪೂರ್ಣಗೊಂಡಾಗ’ ಎಂದಿದೆಯೋ, ‘ಆರಂಭವಾದಾಗ’ ಎಂದಿದೆಯೋ? ಎರಡನೆಯ ಮಾತಿದ್ದರೆ ಸೆಂಟ್ರಿಂಗ್ ಹಲಗೆ ಕೂರಿಸಿ ಕಬ್ಬಿಣ ಕಟ್ಟಲು ತೊಡಗಿದ ದಿನವೇ ಕಂತಿನ ದಿನ. ಕಾಂಕ್ರೀಟು ಇನ್ನೂ ಬಿದ್ದಿರುವುದಿಲ್ಲ. ಮೊದಲನೆಯ ಮಾತಿದ್ದರೂ ಕಾಂಕ್ರೀಟು ಬಿದ್ದ ದಿನವನ್ನೇ ಬಿಲ್ಡರ್ ಎಣಿಸುತ್ತಾನೆ. ಸೆಂಟ್ರಿಂಗ್ ಬಿಚ್ಚುವ ಮೊದಲೇ ಪತ್ರ ಹೊರಟಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹಲವು ಟವರ್‌ಗಳ ಯೋಜನೆಯಲ್ಲಿ ಹಂತ ಯಾವ ಟವರಿನದು ಎಂದು ಪಟ್ಟಿ ಹೇಳದೆ ಬಿಟ್ಟರೆ, ಪಕ್ಕದ ಟವರಿನ ಸ್ಲ್ಯಾಬಿಗೆ ನಿಮಗೆ ಪತ್ರ ಬರಬಹುದು. ಬ್ಯಾಂಕಿನ ಎಂಜಿನಿಯರ್ ಮಾತ್ರ ನಿಮ್ಮ ಫ್ಲ್ಯಾಟು ಇರುವ ಟವರನ್ನೇ ಹತ್ತುತ್ತಾನೆ.

ಈಗ ಹೊಣೆಯ ಪ್ರಶ್ನೆ. 2016ರ ರೇರಾ ಕಾಯ್ದೆಯ 19ನೇ ಕಲಂನ 6ನೇ ಉಪಕಲಂ ಪ್ರಕಾರ ಒಪ್ಪಂದದಲ್ಲಿ ಹೇಳಿದ ರೀತಿಯಲ್ಲಿ, ಹೇಳಿದ ಕಾಲಕ್ಕೆ ಹಣ ಕೊಡುವುದು ಕೊಳ್ಳುವವರ ಕರ್ತವ್ಯ. ತಡವಾದರೆ ಬಡ್ಡಿ ಎನ್ನುತ್ತದೆ 7ನೇ ಉಪಕಲಂ. ಇವೆರಡರಲ್ಲೂ ಬ್ಯಾಂಕಿನ ಹೆಸರಿಲ್ಲ. ಬ್ಯಾಂಕು, ಬಿಲ್ಡರ್, ಸಾಲಗಾರ ಮೂವರೂ ಸಹಿ ಹಾಕುವ ತ್ರಿಪಕ್ಷೀಯ ಒಪ್ಪಂದಗಳೂ ಬ್ಯಾಂಕಿನ ಬಿಡುಗಡೆ ತಡವಾದರೆ ಅದರ ಹೊರೆಯನ್ನು ಸಾಲಗಾರನ ಮೇಲೇ ಹಾಕುವುದು ವಾಡಿಕೆ. ಆದ್ದರಿಂದ ‘ನಮ್ಮ ಬ್ಯಾಂಕು ಇಷ್ಟೇ ಕೊಟ್ಟಿತು’ ಎಂಬುದು ತನ್ನಷ್ಟಕ್ಕೆ ಉತ್ತರವಾಗುವುದಿಲ್ಲ. ತಾರಸಿಯ ಸ್ಲ್ಯಾಬ್ ನಿಜವಾಗಿಯೂ ಬಿದ್ದಿದ್ದರೆ, ಪಟ್ಟಿಯಲ್ಲಿ ಅದಕ್ಕೆ ಶೇ. 85 ಎಂದು ಸಹಿಯಾಗಿದ್ದರೆ, ಆ 16 ಲಕ್ಷ ಕೊಳ್ಳುವವರದೇ ಬಾಕಿ. ಬ್ಯಾಂಕಿನ ಕಡಿಮೆ ಅಂಕಿಯನ್ನು ತೋರಿಸಿ ಗೆಲ್ಲಬಹುದೆಂಬ ನಂಬಿಕೆ ತಪ್ಪು. ಇದನ್ನು ಕಟುವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಆ ನಂಬಿಕೆಯಲ್ಲೇ ತಿಂಗಳುಗಟ್ಟಲೆ ಸುಮ್ಮನಿದ್ದು ಬಡ್ಡಿ ಬೆಳೆಸಿಕೊಂಡವರಿದ್ದಾರೆ.

ಹಂತ ಮುಟ್ಟದೆಯೇ ಪತ್ರ ಬಂದಿದ್ದರೆ ಪರಿಸ್ಥಿತಿ ತಿರುವುಮುರುವಾಗುತ್ತದೆ. ರೇರಾ ನಿಯಮಗಳ ಮಾದರಿ ಮಾರಾಟ ಒಪ್ಪಂದದಲ್ಲಿ ಕೊಳ್ಳುವವರ ಪಾವತಿಗೆ ಒಂದು ಷರತ್ತು ಇದೆ: ಬಿಲ್ಡರ್ ನಿರ್ಮಾಣದ ಹಂತಗಳಿಗೆ ಬದ್ಧನಾಗಿರಬೇಕು. ಬಿಲ್ಡರ್ ತಪ್ಪಿದಾಗ ಕೊಳ್ಳುವವರು ಮುಂದಿನ ಪಾವತಿ ನಿಲ್ಲಿಸಬಹುದು, ಅವನು ಆ ಹಂತವನ್ನು ಮುಗಿಸಿದ ಮೇಲೆ ಬಡ್ಡಿಯಿಲ್ಲದೆ ಮುಂದಿನ ಕಂತು ಕೊಟ್ಟರೆ ಸಾಕು ಎಂದೂ ಅಲ್ಲಿದೆ. ಇಂಥ ಸಂದರ್ಭದಲ್ಲಿ ಬ್ಯಾಂಕಿನ ತಾಂತ್ರಿಕ ವರದಿಗೆ ಬೆಲೆ ಬರುತ್ತದೆ. ಶೇಕಡಾವಾರು ಅಂಕಿಗಿಂತ ಹೆಚ್ಚಾಗಿ, ಇಂಥ ದಿನಾಂಕದಂದು ಹನ್ನೆರಡನೆಯ ಮಹಡಿಯವರೆಗೆ ಮಾತ್ರ ಸ್ಲ್ಯಾಬ್ ಬಿದ್ದಿತ್ತು ಎಂದು ಮೂರನೆಯವರೊಬ್ಬರು ಬರೆದಿಟ್ಟ ಸಾಕ್ಷ್ಯವಾಗಿ.

ಹಣದ ಲೆಕ್ಕಕ್ಕೆ ಬರೋಣ. ಗೃಹಸಾಲದ ಬಡ್ಡಿ ವರ್ಷಕ್ಕೆ ಶೇ. 8.5 ಎಂದು ಹಿಡಿದರೆ 32 ಲಕ್ಷಕ್ಕೆ ತಿಂಗಳ ಪ್ರೀ-ಇಎಂಐ 22,667 ರೂಪಾಯಿ. ಇದು ಬರೀ ಬಡ್ಡಿ. ಇದರಿಂದ ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಉಳಿದ 16 ಲಕ್ಷವನ್ನೂ ಬ್ಯಾಂಕು ಕೊಟ್ಟಿದ್ದರೆ ಇನ್ನೂ 11,333 ರೂಪಾಯಿ ಸೇರುತ್ತಿತ್ತು. ಬಿಡುಗಡೆಯಾಗದ್ದರಿಂದ ಅಷ್ಟು ಉಳಿಯಿತು ಎಂದು ತೋರುತ್ತದೆ. ಕರ್ನಾಟಕದ 2017ರ ನಿಯಮಗಳಲ್ಲಿ ತಡಪಾವತಿಯ ಬಡ್ಡಿ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ದರದ ಮೇಲೆ ಶೇ. 2. ಒಟ್ಟು ಶೇ. 11 ಎಂದಿಟ್ಟುಕೊಂಡರೆ 16 ಲಕ್ಷಕ್ಕೆ ತಿಂಗಳಿಗೆ 14,667 ರೂಪಾಯಿ. ಆರು ತಿಂಗಳಲ್ಲಿ ಬ್ಯಾಂಕಿಗೆ ಕಟ್ಟದೆ ಉಳಿದದ್ದು 68,000, ಬಿಲ್ಡರ್ ಹೆಸರಿಗೆ ಏರಿದ್ದು 88,000. ಹಂತ ನಿಜವಾಗಿದ್ದರೆ ಸಾಲಗಾರನಿಗೆ ನಷ್ಟ 20,000, ಜೊತೆಗೆ ಒಪ್ಪಂದ ರದ್ದಾಗುವ ಭಯ. ಹಂತ ಸುಳ್ಳಾಗಿದ್ದರೆ 68,000 ಪೂರ್ತಿ ಉಳಿತಾಯ. ಅದೇ ಮನೆ, ಅದೇ ಸಾಲ. ಲಾಭ ನಷ್ಟ ತೀರ್ಮಾನವಾಗುವುದು ಸ್ಲ್ಯಾಬ್ ಬಿದ್ದಿದೆಯೋ ಇಲ್ಲವೋ ಎಂಬುದರಲ್ಲಿ. ಭಯಬಿದ್ದು ಶೇ. 14ರ ವೈಯಕ್ತಿಕ ಸಾಲ ತಂದು ತುಂಬುವವರು ತಿಂಗಳಿಗೆ ಬಡ್ಡಿಯೊಂದಕ್ಕೇ 18,667 ಕೊಡುತ್ತಾರೆ. ಅದು ಬಿಲ್ಡರ್‌ನ ತಡಬಡ್ಡಿಗಿಂತಲೂ ದುಬಾರಿ.

ಹಾಗಾದರೆ ಬ್ಯಾಂಕುಗಳು ಬಿಲ್ಡರ್ ಕೇಳಿದಷ್ಟನ್ನೂ ಕೊಟ್ಟುಬಿಡಲಿ ಎನ್ನಬಹುದೇ? ಬಾರದು. 80:20 ಮುಂತಾದ ಹೆಸರಿನ ಯೋಜನೆಗಳಲ್ಲಿ ಸಾಲವನ್ನು ಮೊದಲೇ ಬಿಲ್ಡರ್ ಕೈಗಿಟ್ಟು, ಸ್ವಾಧೀನದವರೆಗಿನ ಬಡ್ಡಿಯನ್ನು ಅವನೇ ಕಟ್ಟುವನೆಂದು ಒಪ್ಪಿಸುತ್ತಿದ್ದರು. ಬಿಲ್ಡರ್ ಕಟ್ಟುವುದನ್ನು ನಿಲ್ಲಿಸಿದ ದಿನ ಬ್ಯಾಂಕು ಹಿಡಿಯುವುದು ಸಾಲಗಾರನನ್ನೇ. ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್ 3ರ ಸುತ್ತೋಲೆಯಲ್ಲಿ ಬಿಡುಗಡೆ ನಿರ್ಮಾಣದ ಹಂತಕ್ಕೆ ಹೊಂದಿಕೊಂಡಿರಬೇಕು, ಮುಗಿಯದ ಯೋಜನೆಗೆ ಮುಂಗಡವಾಗಿ ಪೂರ್ತಿ ಸಾಲ ಕೊಡಬಾರದು ಎಂದು ಬ್ಯಾಂಕುಗಳಿಗೆ ತಿಳಿಸಿತು. 2025ರಲ್ಲಿ ದೆಹಲಿ ಸುತ್ತಲಿನ ಇಂಥ ಯೋಜನೆಗಳ ಬಿಲ್ಡರ್–ಬ್ಯಾಂಕು ನಂಟಿನ ಬಗ್ಗೆ ಸುಪ್ರೀಂ ಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. ಎಂಜಿನಿಯರ್‌ನ ಜಿಪುಣ ಅಂಕಿ ಸಾಲಗಾರನಿಗೆ ತೊಡಕಾಗಿ ಕಂಡರೂ, ಕೆಲಸ ನಿಂತುಹೋದ ದಿನ ಅವನ ತಲೆಯ ಮೇಲಿನ ಸಾಲ 60 ಲಕ್ಷದ ಬದಲು 32 ಲಕ್ಷ ಆಗಿರುವುದು ಆ ಅಂಕಿಯಿಂದಲೇ.

ಬ್ಯಾಂಕಿನ ಕಡೆಯ ಒಂದು ಸಣ್ಣ ಅಂಶವನ್ನೂ ಇಲ್ಲಿ ಸೇರಿಸಬೇಕು. ಬಡ್ಡಿ ಹಣ ಕೈಸೇರಿದ ದಿನದಿಂದ ಎಣಿಕೆಯಾಗಬೇಕೇ ಹೊರತು ಮಂಜೂರಾತಿ ಅಥವಾ ಚೆಕ್ಕಿನ ದಿನಾಂಕದಿಂದ ಅಲ್ಲ. ಚೆಕ್ಕು ಬರೆದು ದಿನಗಟ್ಟಲೆ ಕೊಡದೆ ಇಟ್ಟುಕೊಂಡು, ಬರೆದ ದಿನದಿಂದಲೇ ಬಡ್ಡಿ ಹಾಕಿದ ಪ್ರಕರಣಗಳನ್ನು ಗಮನಿಸಿ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 29ರಂದು ಇದನ್ನು ತಿದ್ದಲು ಸೂಚಿಸಿದೆ. ಹಂತಹಂತವಾಗಿ ಹತ್ತು ಬಾರಿ ಬಿಡುಗಡೆಯಾಗುವ ಸಾಲದಲ್ಲಿ ಈ ತಪ್ಪು ಹತ್ತು ಬಾರಿ ಮರುಕಳಿಸಬಹುದು.

ನನ್ನ ಅಭಿಪ್ರಾಯದಲ್ಲಿ ತೊಡಕಿನ ಮೂಲ ಕಂತಿನ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಆ ಪಟ್ಟಿ ಒಪ್ಪಂದದ ಅನುಬಂಧವಾಗಿ ಬಿಲ್ಡರ್ ಬರೆದಂತೆ ಬರುತ್ತದೆ. ಮಹಾರಾಷ್ಟ್ರದ ಮಾದರಿ ಒಪ್ಪಂದ ಹಂತಗಳಿಗೆ ಗರಿಷ್ಠ ಮಿತಿ ಹಾಕಿದೆ: ಒಪ್ಪಂದದ ನಂತರ ಶೇ. 30, ಪ್ಲಿಂತ್ ಮುಗಿದಾಗ 45, ಎಲ್ಲ ಸ್ಲ್ಯಾಬ್‌ಗಳೂ ಮುಗಿದಾಗ 70, ಗೋಡೆ, ಒಳಗಾರೆ, ನೆಲ, ಬಾಗಿಲು ಕಿಟಕಿಗಳಾದಾಗ 75, ಹೀಗೆ ಏರಿ ಸ್ವಾಧೀನದ ಮುನ್ನ 95. ಇದು ಆದರ್ಶ ಪಟ್ಟಿಯೇನಲ್ಲ. ಕಟ್ಟಡ ನೆಲದಿಂದ ಏಳುವ ಹೊತ್ತಿಗೆ ಶೇ. 45 ಹೋಗಿರುತ್ತದೆ, ನಮ್ಮ ಉದಾಹರಣೆಯ ಪಟ್ಟಿಯಲ್ಲೂ ಅಷ್ಟೇ. ವ್ಯತ್ಯಾಸ ಕಾಣುವುದು ತಾರಸಿಯ ಹಂತದಲ್ಲಿ. ಅಲ್ಲಿ ಮಹಾರಾಷ್ಟ್ರದ ಬಿಲ್ಡರ್ ಕೇಳಬಹುದಾದ ಗರಿಷ್ಠ 56 ಲಕ್ಷ, ನಮ್ಮವನು ಕೇಳಿದ್ದು 68 ಲಕ್ಷ. ಬ್ಯಾಂಕಿನ 52 ಲಕ್ಷದ ಅಂಕಿಯೊಂದಿಗೆ ಹೋಲಿಸಿದರೆ ಅಂತರ 16 ಲಕ್ಷದಿಂದ 4 ಲಕ್ಷಕ್ಕೆ ಇಳಿಯುತ್ತದೆ. ಕರ್ನಾಟಕದ ನಿಯಮಗಳಿಗೂ ಇಂಥ ಮಿತಿ ಬೇಕು. ಸ್ಲ್ಯಾಬ್‌ಗಳ ಹಂತದಲ್ಲಂತೂ ತುರ್ತಾಗಿ ಬೇಕು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿ ಮೂರನೆಯ ಅಳತೆಯೊಂದಿದೆ. ರೇರಾ ಕಾಯ್ದೆಯ 4ನೇ ಕಲಂ ಪ್ರಕಾರ ಬಿಲ್ಡರ್ ಸಂಗ್ರಹಿಸಿದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಮೂವರೂ ದೃಢೀಕರಿಸಿದ ಮೇಲೆ, ಮುಗಿದ ಕೆಲಸದ ಪ್ರಮಾಣಕ್ಕೆ ತಕ್ಕಷ್ಟೇ ಅದರಿಂದ ಹಣ ತೆಗೆಯಬಹುದು. ಯೋಜನೆಯ ಸ್ಥಿತಿಯನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಹಾಕುವುದೂ ಅವನ ಹೊಣೆ. ತನ್ನ ಖಾತೆಯಿಂದ ಹಣ ತೆಗೆಯುವಾಗ ಹನ್ನೆರಡು ಮಹಡಿ ಎಂದು ದೃಢೀಕರಿಸಿದವನು ಅದೇ ವಾರ ನಿಮಗೆ ತಾರಸಿಯ ಕಂತು ಕೇಳಿದ್ದರೆ ಅವನ ದಾಖಲೆಯೇ ಅವನಿಗೆ ಎದುರಾಗುತ್ತದೆ. ಆದ್ದರಿಂದ ಡಿಮ್ಯಾಂಡ್ ಲೆಟರ್ ಬಂದ ಹದಿನೈದು ದಿನದೊಳಗೆ, ಗಡುವು ಮುಗಿಯುವ ಮೊದಲೇ, ಬರವಣಿಗೆಯಲ್ಲಿ ವಾಸ್ತುಶಿಲ್ಪಿಯ ಹಂತ ಪ್ರಮಾಣಪತ್ರವನ್ನು ಕೇಳಬೇಕು. ಆ ಪತ್ರದಲ್ಲಿ ಟವರಿನ ಹೆಸರು, ಮಹಡಿ ಮತ್ತು ಕಾಂಕ್ರೀಟು ಹಾಕಿದ ದಿನಾಂಕ ಈ ಮೂರೂ ಇರಬೇಕು. ಅದು ಸರಿಯಾಗಿದ್ದರೆ ಬಾಕಿ ಹಣಕ್ಕೆ ಕಂತು ಹಂಚಿಕೊಡುವಂತೆ ಬಿಲ್ಡರ್ ಜೊತೆ ಮಾತಾಡುವುದೇ ದಾರಿ. ಸರಿಯಿಲ್ಲದಿದ್ದರೆ ಬ್ಯಾಂಕಿನ ವರದಿಯ ದಿನಾಂಕವನ್ನು ಅದರ ಪಕ್ಕದಲ್ಲಿಟ್ಟು ಉತ್ತರ ಬರೆಯಬೇಕು.